ಇಂದಿನ ಚಿಂತನೆ: "ಇವ್ಳು ನಮ್ಮಂಗೆ"



ಕಳೆದ ಭಾನುವಾರ ವಿಹಾರದಲ್ಲಿ ‘ಮಾನ’ ಎಂಬ ಪದದ ಪಾಠ ನಡೆಯಿತು. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಪಾಳಿಯಲ್ಲಿ ಅದು ತನ್ನನ್ನು ಇನ್ನೊಬ್ಬರ ಪಕ್ಕ ಇಟ್ಟು ಅಳೆಯುವ ಮನಸ್ಸು. ನಾನು ಮೇಲು, ನಾನು ಸಮ, ನಾನು ಕೀಳು ಎಂದು ಅದಕ್ಕೆ ಮೂರು ಬಗೆ. ಆಗ ಒಬ್ಬರು ಕೇಳಿದರು: "ಕೀಳು ಅಂದ್ಕೊಳ್ಳೋದು ದುಃಖ ಅಲ್ವಾ, ಮಾನ ಹೇಗಾಗುತ್ತೆ?" ಅಂದು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಬೆಳ್ಳಗೆ, ನಾನು ಕಪ್ಪು. ಚರ್ಮದ ಬಣ್ಣವನ್ನು ಒಂದಲ್ಲ, ಹಲವು ಜೀನ್‌ಗಳು ಸೇರಿ ನಿರ್ಧರಿಸುತ್ತವೆ. ಹಾಗಾಗಿ ಒಂದೇ ತಾಯಿತಂದೆಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಸಹಜ. ಇದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಅದಕ್ಕೂ ಮೊದಲೇ ಮನೆಯಲ್ಲಿ ಬೇರೆ ಪಾಠ ಆಗಿತ್ತು. ನಮ್ಮ ಕೇರಿಗೆ ಯಾರೇ ನೆಂಟರು ಬರಲಿ, ಅವ್ವ ಅಕ್ಕನ ಗಲ್ಲ ಹಿಡಿದು, "ದೊಡ್ಡವ್ಳು ಊರೋರ ಮನೆ ಮಗಿನಂಗವ್ಳೆ, ಇವ್ಳು ನಮ್ಮಂಗೆ" ಅನ್ನುತ್ತಿದ್ದಳು. ಬೈಗುಳವಲ್ಲ, ನಗುತ್ತಲೇ ಹೇಳುತ್ತಿದ್ದದ್ದು. ಆದರೆ ಆ ಮಾತನ್ನು ಬಿಡಿಸಿ ನೋಡಿ. ಯಾರು ನಮ್ಮನ್ನು ಬಾವಿ ಹತ್ತಿರ ಬಿಡುತ್ತಿರಲಿಲ್ಲವೋ ಅವರ ಹಾಗೆ ಕಂಡರೆ ಚೆಂದ. "ನಮ್ಮಂಗೆ" ಅನ್ನುವುದು ಕೊರತೆ.

ನನಗೀಗ 43 ವರ್ಷ, ಸರ್ಕಾರಿ ಕೆಲಸ ಇದೆ. ಆದರೂ ಸೀರೆ ಅಂಗಡಿಯಲ್ಲಿ ಹಳದಿಯ ಕಡೆ ಕೈ ಹೋಗುವುದಿಲ್ಲ. "ಹಳದಿ ಇವ್ಳಿಗೊಪ್ಪಲ್ಲ" ಎಂದು ಒಂಬತ್ತನೇ ವಯಸ್ಸಿನಲ್ಲಿ ಕೇಳಿದ್ದೆ. ಯಜಮಾನರು "ಚೆನ್ನಾಗಿ ಕಾಣ್ತೀಯ" ಅಂದರೆ, ಏನೋ ಕೆಲಸ ಆಗಬೇಕಿದೆ ಎಂದು ಅನುಮಾನ. ಮದುವೆಯ ಗುಂಪು ಫೋಟೊ ಬಂದರೆ ಮೊದಲು ಅಕ್ಕನ ಮುಖ ಹುಡುಕುತ್ತೇನೆ, ಆಮೇಲೆ ನನ್ನದು. ಆ ವಿಹಾರದ ಪ್ರಶ್ನೆಗೆ ನನ್ನ ಉತ್ತರ ಇದೇ. ಕೀಳೆಂಬ ಭಾವನೆಯಲ್ಲಿ ದುಃಖವಿದೆ, ಹೌದು. ಆದರೆ ಒಳಗೆ ತಕ್ಕಡಿ ನಿಂತೇ ಇಲ್ಲ. ಎದುರಿಗೆ ಬಂದವರನ್ನೆಲ್ಲ ಅದರಲ್ಲಿಟ್ಟು ನೋಡುತ್ತದೆ, ನನ್ನ ಸ್ವಂತ ಅಕ್ಕನನ್ನೂ.

ಅಕ್ಕನಿಗೆ ಜಂಬ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಅಪ್ಪ ತೀರಿಕೊಂಡ ವಾರ, ರಾತ್ರಿ ಪಾತ್ರೆ ತೊಳೆಯುತ್ತಾ ಅವಳಾಗಿಯೇ ಹೇಳಿದಳು: "ನಿನ್ನ ಓದ್ಸುದ್ರು. ನನ್ನ ತೋರ್ಸುದ್ರು." ನಿಜ. ಅವಳು ಪಿಯುಸಿ ಮೊದಲ ವರ್ಷದಲ್ಲಿರುವಾಗಲೇ ಗಂಡಿನ ಕಡೆಯವರು ಕೇಳಿಕೊಂಡು ಬಂದರು, ಓದು ನಿಂತಿತು. "ಕರಿಗೆ ಕೆಲ್ಸನಾದ್ರೂ ಇರ್ಲಿ" ಎಂದು ನನ್ನನ್ನು ಓದಿಸಿದರು. ಎರಡು ಹೆರಿಗೆಯಾಗಿ, ಥೈರಾಯ್ಡ್ ಬಂದು, ಕೂದಲು ಉದುರಿದ ಮೇಲೆ "ಹೆಂಗಿದ್ದೋಳು ಹೆಂಗಾದೆ" ಎಂಬ ಮಾತಿಗೆ ಹೆದರಿ ಅವಳು ಸಮಾರಂಭಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಅದನ್ನು ನಾನು ಜಂಬ ಅಂದುಕೊಂಡಿದ್ದೆ. ಹೊಗಳಿಸಿಕೊಂಡವಳಿಗೆ ನನಗಿಂತ ಹೆಚ್ಚು ಪೆಟ್ಟಾಗಿತ್ತು ಅನ್ನಿಸುತ್ತದೆ. ನನಗೆ ಕೊನೆಪಕ್ಷ ಪುಸ್ತಕ ಸಿಕ್ಕಿತು. ಅವಳಿಗೆ ಇದ್ದದ್ದು ಮುಖ ಒಂದೇ, ಅದೂ ಬದಲಾಗುವಂಥದ್ದು.

ಅವ್ವನಿಗೆ ಹೇಳಿದೆವು. "ನಾನೆಲ್ಲಿ ಹಂಗಂದಿದ್ದೆ?" ಅಂದಳು. ಸುಳ್ಳಲ್ಲ, ಅಂದವರಿಗೆ ಅದು ದಿನದ ನೂರು ಮಾತಿನಲ್ಲಿ ಒಂದು. "ನೀನು ಕೆಟ್ಟವಳು" ಎಂದು ಶುರು ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಳದಿ ಸೀರೆಯ ದಿನ, ಯಾರು ಬಂದಿದ್ದರು, ಏನಂದಳು ಎಂದು ಅಷ್ಟನ್ನೇ ಹೇಳಿದೆ. ಸುಮಾರು ಹೊತ್ತಾದ ಮೇಲೆ, "ನಮ್ಮವ್ವ ನನ್ನ ಮಸಿ ಅಂತಿದ್ಲು ಕಣವ್ವ" ಅಂದಳು. ತಪ್ಪಾಯಿತು ಅನ್ನಲಿಲ್ಲ. ನಾವೂ ಮುಂದೆ ಕೇಳಲಿಲ್ಲ.

ನನಗೂ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳನ್ನು ಯಾರೋ "ಅಕ್ಕನಷ್ಟು ಬಣ್ಣ ಇಲ್ಲ" ಅಂದಾಗ, "ನೀನೂ ಅಕ್ಕನಷ್ಟೇ ಚೆನ್ನಾಗಿದೀಯ" ಎಂದು ಸಮಾಧಾನ ಮಾಡುತ್ತಿದ್ದೆ. ಅದು ಎರಡನೇ ಬಗೆಯ ಮಾನ, ‘ಸಮ’ ಎಂಬುದು, ಎಂದು ಭಾನುವಾರ ಹೊಳೆಯಿತು. ಸಮಾಧಾನದ ಹೆಸರಲ್ಲಿ ಮಗುವಿನ ಕೈಗೆ ನಾನೇ ತಕ್ಕಡಿ ಕೊಟ್ಟಿದ್ದೆ. ಈಗ ಹಾಗೆ ಅಂದವರಿಗೆ ಮಕ್ಕಳ ಮುಂದೆಯೇ, "ನಮ್ಮನೇಲಿ ಇವರಿಬ್ಬರನ್ನ ಪಕ್ಕಪಕ್ಕ ಇಟ್ಟು ಮಾತಾಡಲ್ಲ" ಎಂದು ಹೇಳಿಬಿಡುತ್ತೇನೆ. ಮೊನ್ನೆ ಅದನ್ನು ಅವ್ವನಿಗೇ ಹೇಳಬೇಕಾಯಿತು. ಮುಖ ಊದಿಸಿಕೊಂಡು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಕಡಲೆಪುರಿ ತಂದುಕೊಟ್ಟಳು.

ಜೈ ಭೀಮ್.