ಬಾಡಿಗೆ ಠೇವಣಿಯಿಂದ ಕಡಿತ: ಲೆಕ್ಕಪಟ್ಟಿ ಹೇಗಿರಬೇಕು?

ಬೆಂಗಳೂರಿನ ಒಂದು ವಾಣಿಜ್ಯ ಮಳಿಗೆಯ ಬಾಡಿಗೆ ತಿಂಗಳಿಗೆ 30,000 ರೂ., ಮುಂಗಡ ಠೇವಣಿ 3,00,000 ರೂ. ಆಗಿತ್ತೆಂದು ಭಾವಿಸೋಣ. ವರ್ತಕರು ಆರು ವರ್ಷಗಳ ನಂತರ 2024ರಲ್ಲಿ ಮಳಿಗೆಯನ್ನು ತೆರವು ಮಾಡುತ್ತಾರೆ. ಸುಣ್ಣಬಣ್ಣಕ್ಕೆ 36,000, ಒಡೆದ ಗಾಜಿನ ಬಾಗಿಲಿಗೆ 28,000, ನಾಮಫಲಕದ ರಂಧ್ರಗಳನ್ನು ಮುಚ್ಚಲು 6,000, ವಿದ್ಯುತ್ ಬಾಕಿ 7,350, ಒಟ್ಟು 77,350 ರೂಪಾಯಿಗಳನ್ನು ಮುರಿದುಕೊಳ್ಳುವುದಾಗಿ ಮಾಲೀಕರು ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಇದರಲ್ಲಿ ಎಷ್ಟು ನ್ಯಾಯಸಮ್ಮತ?

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಬಾಡಿಗೆದಾರನು ಸ್ವತ್ತನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ಯುಕ್ತ ಬಳಕೆಯಿಂದಾದ ಸವಕಳಿಗೆ ಅವನು ಹೊಣೆಯಲ್ಲ. ಆರು ವರ್ಷಗಳಲ್ಲಿ ಬಣ್ಣ ಮಾಸುವುದು ಇಂತಹ ಸವಕಳಿಯೇ. ಆದುದರಿಂದ 36,000 ರೂ. ಕಡಿತ ನಿಲ್ಲದು. ತೆರವಿನ ವೇಳೆ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕಾಗಿ ಹಿಡಿಯುವ ರೂಢಿ ನಗರದಲ್ಲಿ ಬಲವಾಗಿದೆ, ನಿಜ. ಆದರೆ ರೂಢಿಯೆಂಬ ಕಾರಣ ಸಾಲದು, ಅದು ಕರಾರು ಪತ್ರದಲ್ಲಿ ಬರೆದಿರಬೇಕು.

ಗಾಜಿನ ಬಾಗಿಲಿನ ವಿಷಯ ಸ್ವಲ್ಪ ಸೂಕ್ಷ್ಮ. ಒಡೆದದ್ದು ಬಾಡಿಗೆದಾರರ ಸಾಮಾನು ಸಾಗಣೆಯ ವೇಳೆ, ಹೊಣೆ ಅವರದೇ. ಆದರೆ ಬಾಗಿಲನ್ನು ಅಳವಡಿಸಿದ್ದು 2016ರಲ್ಲಿ. ಅದರ ಬಾಳಿಕೆ ಹತ್ತು ವರ್ಷವೆಂದು ಉಭಯರೂ ಒಪ್ಪಿದರೆ ಉಳಿದದ್ದು ಎರಡು ವರ್ಷ. ಹೊಸ ಬಾಗಿಲಿನ ಪೂರ್ಣ ಬೆಲೆ ವಸೂಲು ಮಾಡಿದರೆ ಹಳೆಯದಕ್ಕೆ ಬದಲಾಗಿ ಹೊಸದು ಮಾಲೀಕರಿಗೆ ಪುಕ್ಕಟೆ ದೊರೆತಂತಾಗುತ್ತದೆ. ಆದ್ದರಿಂದ 28,000ದ ಹತ್ತನೇ ಎರಡು ಭಾಗ, ಅಂದರೆ 5,600 ರೂ. ಯುಕ್ತ. ರಂಧ್ರಗಳನ್ನು ಕೊರೆದವರು ಬಾಡಿಗೆದಾರರೇ. ಗಾರೆ ಕೆಲಸದ 6,000 ರೂ. ಪೂರ್ಣವಾಗಿ ಸಲ್ಲುತ್ತದೆ. ಆದರೆ ಆ ಬಿಲ್ಲಿನಲ್ಲಿ ಇಡೀ ಗೋಡೆಯ ಬಣ್ಣ ಸೇರಿಕೊಂಡಿದೆಯೇ ಎಂಬುದನ್ನು ಪರಿಶೀಲಿಸಬೇಕು. ತಿರಸ್ಕೃತವಾದ ಬಾಬು ಹಿಂಬಾಗಿಲಿನಿಂದ ಬರುವುದು ಇಲ್ಲಿಯೇ.

ಲೆಕ್ಕಪಟ್ಟಿಯಲ್ಲಿ ಪ್ರತಿ ಬಾಬಿನ ಎದುರು ವಶಕ್ಕೆ ಪಡೆದಾಗಿನ ಸ್ಥಿತಿ, ತೆರವಿನ ದಿನದ ಸ್ಥಿತಿ, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ, ಲೆಕ್ಕದ ಆಧಾರಗಳನ್ನು ನಮೂದಿಸಬೇಕು. ಮೊತ್ತಗಳು ಹೀಗಿರುತ್ತವೆ:

ಠೇವಣಿ: 3,00,000
ಗಾಜಿನ ಬಾಗಿಲು (28,000 × 2/10): 5,600
ರಂಧ್ರ ಮುಚ್ಚುವ ಗಾರೆ ಕೆಲಸ: 6,000
ವಿದ್ಯುತ್, ಕೀಲಿಕೈ ಒಪ್ಪಿಸಿದ ದಿನದ ಮೀಟರ್ ಅಂಕಿಯವರೆಗೆ: 7,350
ಒಟ್ಟು ಕಡಿತ: 18,950
ಮರುಪಾವತಿ: 2,81,050

ಅಂತಿಮ ವಿದ್ಯುತ್ ಬಿಲ್ಲು ಇನ್ನೂ ಬಂದಿರದಿದ್ದಲ್ಲಿ ಅದರ ಅಂದಾಜು ಮೊತ್ತವನ್ನು ಮಾತ್ರ ತಡೆಹಿಡಿದು ಉಳಿದುದನ್ನು ಪಾವತಿಸಬೇಕು. ಏಳು ಸಾವಿರಕ್ಕಾಗಿ ಮೂರು ಲಕ್ಷ ತಡೆಯುವುದು ಸಲ್ಲದು. ಬಾಡಿಗೆ ಬಾಕಿಯನ್ನು ಠೇವಣಿಯಲ್ಲಿ ಹೊಂದಿಸಿಕೊಂಡಿದ್ದರೆ ಅದನ್ನು ದುರಸ್ತಿಯೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ತೋರಿಸಬೇಕು. ಏಕೆಂದರೆ ಮರಳಿಸಬೇಕಾದ ಠೇವಣಿಗೆ ಜಿಎಸ್‌ಟಿ ಇಲ್ಲವಾದರೂ, ಬಾಡಿಗೆಯಾಗಿ ಹೊಂದಿಸಿದ ಭಾಗವು ನೋಂದಾಯಿತ ಮಾಲೀಕರ ಕೈಯಲ್ಲಿ ಪ್ರತಿಫಲವೆನಿಸುತ್ತದೆ.

ಕೀಲಿಕೈ ಹಸ್ತಾಂತರಕ್ಕೆ ಮುನ್ನ ಉಭಯರೂ ಕೂಡಿ ಮಳಿಗೆಯನ್ನು ನೋಡಿ, ದಿನಾಂಕ ಸಹಿತ ಛಾಯಾಚಿತ್ರ ತೆಗೆದು, ಪಟ್ಟಿಗೆ ಸಹಿ ಮಾಡತಕ್ಕದ್ದು. ಒಪ್ಪದ ಬಾಬಿನ ಎದುರು "ಆಕ್ಷೇಪಣೆಗೆ ಒಳಪಟ್ಟು" ಎಂದು ಬರೆದು ಸಹಿ ಹಾಕಿದರೆ ಉಳಿದ ಹಣವನ್ನು ಪಡೆಯಲು ಅಡ್ಡಿಯಾಗದು.