ಕುಶನ್ನನ್ನು ತಕ್ಕಡಿಗೆ ಹಾಕಿ

ಈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಜನ ಕೂರುವ ಒಂದು ಸೋಫಾ, ಒಬ್ಬೊಬ್ಬರು ಕೂರುವ ಎರಡು ಸೋಫಾ ಇವೆ. ಮನೆಯವರೆಲ್ಲ ಊಟ, ಟಿವಿ, ಮಕ್ಕಳ ಹೋಂವರ್ಕ್, ಮಧ್ಯಾಹ್ನದ ನಿದ್ದೆ ಎಲ್ಲವನ್ನೂ ಅದರ ಮೇಲೇ ನಡೆಸುತ್ತಾರೆ. ಅಡಿಕೆ ಸುಗ್ಗಿಯಲ್ಲಿ ಬಂದುಹೋಗುವವರ ಲೆಕ್ಕ ಬೇರೆ. ಎಡಗಡೆಯ ಮೂಲೆ ಅಪ್ಪನದು. ಏಸೂರು ಕೊಟ್ಟರೂ ಆ ಮೂಲೆಯನ್ನು ಅವರು ಬಿಟ್ಟುಕೊಡುವವರಲ್ಲ. ಮೊದಲು ಕುಸಿದದ್ದೂ ಅದೇ.

ಸೋಫಾ ಕುಸಿದರೆ ನಾವೆಲ್ಲ ಬಯ್ಯುವುದು ಫೋಮನ್ನು. ಆದರೆ ಕುಶನ್ ಎತ್ತಿ ಕೆಳಗೆ ನೋಡುವ ಮೊದಲು ಬಯ್ಯುವುದು ತರವಲ್ಲ. ಕೆಳಗೆ ಎಲಾಸ್ಟಿಕ್ ಬೆಲ್ಟೋ ಜಿಗ್‌ಜಾಗ್ ಸ್ಪ್ರಿಂಗೋ ಹಲಗೆಯೋ ಇರುತ್ತದೆ. ಬೆಲ್ಟಿನ ಮೇಲೆ ಅಂಗೈ ಊರಿ ಒತ್ತಿದಾಗ ಅದು ಜೋಳಿಗೆಯಂತೆ ಇಳಿದು, ಕೈ ತೆಗೆದರೂ ಮೇಲೆ ಬರದಿದ್ದರೆ ತಪ್ಪು ಬೆಲ್ಟಿನದು. ಬೆಲ್ಟ್ ಬದಲಿಸುವುದು ಸಣ್ಣ ಖರ್ಚು, ಫೋಮ್ ಬದಲಿಸುವುದು ದೊಡ್ಡ ಖರ್ಚು. ಬೆಲ್ಟ್ ಸಡಿಲವಾಗಿರುವಾಗಲೇ ಹೊಸ ಫೋಮ್ ಹಾಕಿಸಿದರೆ ಅದೂ ಅದೇ ಹಳ್ಳಕ್ಕೆ ಬಾಗುತ್ತದೆ. ಹಲವರು ಕುಶನ್ ಕೆಳಗೆ ಪ್ಲೈವುಡ್ ತುಂಡು ತೂರಿಸುತ್ತಾರೆ. ಹಳ್ಳ ಮುಚ್ಚುತ್ತದೆ, ನಿಜ. ಆದರೆ ಬೆಲ್ಟು ಹೊರುತ್ತಿದ್ದ ಅದುಮಿಕೆಯನ್ನೂ ಫೋಮೇ ಹೊರಬೇಕಾಗಿ, ಅದು ಇನ್ನೂ ಬೇಗ ಚಪ್ಪಟೆಯಾಗುತ್ತದೆ.

ನಮ್ಮದರಲ್ಲಿ ಬೆಲ್ಟ್ ಗಟ್ಟಿಯಾಗಿಯೇ ಇತ್ತು. ಕೊಳ್ಳುವಾಗ ಅಂಗಡಿಯವರು ‘ಮೂವತ್ತೆರಡು ಡೆನ್ಸಿಟಿ’ ಎಂದಿದ್ದರು. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬ ಸಂಖ್ಯೆ, ಅಷ್ಟೇ. ಹಾಗಾದರೆ ಅದನ್ನು ಬಾಯಿಮಾತಿನಲ್ಲಿ ನಂಬುವ ಅಗತ್ಯವೇ ಇಲ್ಲ, ತೂಗಿ ನೋಡಬಹುದು. ಹೊದಿಕೆ ತೆಗೆದು, ಫೋಮನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆ. 880 ಗ್ರಾಂ. ಅಳತೆ 22 ಇಂಚು ಉದ್ದ, 22 ಅಗಲ, 5 ದಪ್ಪ. ದಪ್ಪವನ್ನು ಕುಸಿದ ನಡುಭಾಗದಲ್ಲಿ ಅಳೆಯಬಾರದು, ಯಾರೂ ಕೂರದ ಹಿಂದಿನ ಅಂಚಿನಲ್ಲಿ ಅಳೆಯಬೇಕು. ಮೂರನ್ನೂ ಗುಣಿಸಿದರೆ 2,420. ಗ್ರಾಂ ತೂಕವನ್ನು 61ರಿಂದ ಗುಣಿಸಿ ಇದರಿಂದ ಭಾಗಿಸಿದರೆ ಡೆನ್ಸಿಟಿ ಸಿಗುತ್ತದೆ. ನಮ್ಮದು 22 ಬಂತು. ನಿಜವಾದ 32 ಆಗಿದ್ದರೆ ಅದು ಸುಮಾರು 1,270 ಗ್ರಾಂ ತೂಗಬೇಕಿತ್ತು, 40 ಆಗಿದ್ದರೆ 1,590ರ ಹತ್ತಿರ.

ಕೂತು ನೋಡಿದರೆ ಇದು ತಿಳಿಯುವುದಿಲ್ಲ. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು, 40ರ ಫೋಮನ್ನೂ ಮೆತ್ತಗೆ ಮಾಡಬಹುದು. ಫೋಮ್ ಎನ್ನುವುದು ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳ ಜಾಲ. ಡೆನ್ಸಿಟಿ ಹೆಚ್ಚಿದ್ದರೆ ಆ ಜಾಲದಲ್ಲಿ ಸರಕು ಹೆಚ್ಚು. ಕಡಿಮೆ ಇದ್ದರೆ ದಿನವೂ ಒಂದೇ ಕಡೆ ಭಾರ ಬಿದ್ದು ಕೋಶಗಳ ಗೋಡೆಗಳು ಬಳಲಿ ಒಡೆಯುತ್ತವೆ, ಮತ್ತೆ ಉಬ್ಬುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಸಿಗುವುದು ಗಟ್ಟಿತನದ ಅನುಭವ. ಬಾಳಿಕೆ ಗೊತ್ತಾಗುವುದು ಎರಡನೆಯ ವರ್ಷದಲ್ಲಿ.

ತಕ್ಕಡಿಗೂ ಮೋಸ ಮಾಡುವ ದಾರಿಗಳಿವೆ. ತೂಕ ಹೆಚ್ಚಿಸಲು ಫೋಮಿಗೆ ಸುಣ್ಣದಕಲ್ಲಿನ ಪುಡಿ ಬೆರೆಸುವುದುಂಟು. ಅಂಥದ್ದನ್ನು ಬೆರಳಿನಿಂದ ಜೋರಾಗಿ ತಿಕ್ಕಿದರೆ ಪುಡಿ ಉದುರುತ್ತದೆ, ಮಡಿಸಿದರೆ ಬಿರುಕು ಬಿಡುತ್ತದೆ. ಇನ್ನೊಂದು, ಬಣ್ಣಬಣ್ಣದ ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್. ಅದರ ಡೆನ್ಸಿಟಿ 80, 100 ಎಂದೆಲ್ಲ ಇರುತ್ತದೆ. ಸಂಖ್ಯೆ ದೊಡ್ಡದೆಂದು ಮರುಳಾಗಬೇಡಿ. ಅದು ಅಡಿಪದರಕ್ಕೆ ಸರಿ, ಇಡೀ ಕುಶನ್ನಿಗೆ ಹಾಕಿದರೆ ಕಟ್ಟೆಯ ಮೇಲೆ ಕೂತ ಹಾಗೆ.

ಇನ್ನು ದುಡ್ಡಿನ ಮಾತು. ಶಿಕಾರಿಪುರದಲ್ಲಿ ಸೋಫಾ ರಿಪೇರಿ ಮಾಡುವವರು ನನಗೆ ಹೇಳಿದ ದರ ಇದು, ನಿಮ್ಮ ಕಡೆ ಹೆಚ್ಚುಕಡಿಮೆ ಇರಬಹುದು. ಒಂದು ಕುಶನ್ನಿಗೆ 23 ಡೆನ್ಸಿಟಿ ಫೋಮಿಗೆ 400 ರೂಪಾಯಿ, 32ಕ್ಕೆ 700, 40ಕ್ಕೆ 900.

“ಇಪ್ಪತ್ಮೂರೇ ಹಾಕ್ಸಿ ಅಣ್ಣ, ಎಲ್ಲರೂ ಅದನ್ನೇ ಹಾಕ್ಸೋದು” ಎಂದರು.

ಐದು ಕುಶನ್ನಿಗೆ 2,000 ಎಲ್ಲಿ, 4,500 ಎಲ್ಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಿಲ್ಲು ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆ ಐದು ಮೀಟರ್, ಮೀಟರಿಗೆ 450ರಂತೆ 2,250. ಹೊಲಿಗೆ 1,250. ಫೋಮ್ ಯಾವುದೇ ಇರಲಿ, ಈ 3,500 ತಪ್ಪುವುದಿಲ್ಲ. ಒಟ್ಟು 5,500ಕ್ಕೆ ಎದುರಾಗಿ 8,000. ಅಗ್ಗದ ಫೋಮ್ ಕುಸಿದಾಗ ಹೊದಿಕೆಯೂ ಸಡಿಲಾಗಿ ಸುಕ್ಕುಗಟ್ಟಿರುತ್ತದೆ, ಬಟ್ಟೆ ಹೊಲಿಗೆ ಎರಡೂ ಮತ್ತೆ ತಲೆ ಮೇಲೆ ಬರುತ್ತವೆ. ಅಂದರೆ ಒಂದೇ ಒಂದು ಸಲ ಮರುಕೆಲಸ ಬಿದ್ದರೂ 5,500 ಹೋಗಿ 11,000 ಆಗುತ್ತದೆ. ಉಳಿಸಬೇಕೆಂದರೆ ಉಳಿಸುವ ಜಾಗ ಬೇರೆ ಇದೆ. ಅಪರೂಪಕ್ಕೆ ಕೂರುವ ಒಂಟಿ ಸೋಫಾಗಳಿಗೆ 32 ಸಾಕು. ಬೆನ್ನಿನ ಕುಶನ್ನು ಮೈಭಾರ ಹೊರುವುದಿಲ್ಲ, ಅದಕ್ಕೆ 23 ಆದರೂ ನಡೆಯುತ್ತದೆ. ದೊಡ್ಡ ಸೋಫಾದ ಮೂರು ಆಸನಕ್ಕೆ 40, ಉಳಿದೆರಡಕ್ಕೆ 32 ಎಂದು ತೀರ್ಮಾನಿಸಿದೆ. ಅಪ್ಪನಿಗೆ ಮಂಡಿನೋವು ಇರುವುದರಿಂದ ಆ ಮೂಲೆಗೆ 40ರಲ್ಲೂ ಗಟ್ಟಿ ಜಾತಿಯ ನಾಲ್ಕು ಇಂಚು, ಮೇಲೆ ಒಂದು ಇಂಚು ಮೆತ್ತನೆಯದು. ಆಸನ ತೀರ ಮೆತ್ತಗಿದ್ದರೆ ವಯಸ್ಸಾದವರಿಗೆ ಏಳುವುದೇ ಕಷ್ಟ.

ಬಟ್ಟೆಯಲ್ಲಿ ಮನೆಮಂದಿಯ ಒಲವು ಲೆದರೆಟ್ಟಿನ ಕಡೆಗಿತ್ತು, ಒರೆಸಿದರೆ ಆಯ್ತಲ್ಲ ಎಂದು. ನಾನು ಒಪ್ಪಲಿಲ್ಲ. ಪಿಯು ಲೆದರೆಟ್ಟಿನ ಮೇಲ್ಪದರವನ್ನು ಗಾಳಿಯ ತೇವ ನಿಧಾನವಾಗಿ ಒಡೆಯುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹೊಪ್ಪಳೆ ಏಳುತ್ತದೆ. ಅದನ್ನು ಹೊಲಿದು ಸರಿಮಾಡುವ ಹಾಗಿಲ್ಲ. ರೆಕ್ಸಿನ್ ಹಾಕಿಸಲೇಬೇಕೆಂದರೆ ಕುಶನ್ನಿನ ಅಡಿಗೆ ಗಾಳಿ ಹೋಗಲು ತೂತು ಬಿಡಿಸಿ. ಇಲ್ಲದಿದ್ದರೆ ಮಕ್ಕಳು ಧೊಪ್ಪನೆ ಕೂತಾಗ ಒಳಗಿನ ಗಾಳಿ ದಾರಿ ಕಾಣದೆ ಹೊಲಿಗೆಯನ್ನೇ ಬಿಚ್ಚುತ್ತದೆ. ನಾವು ಆರಿಸಿದ್ದು ಒತ್ತಾಗಿ ನೇಯ್ದ ಪಾಲಿಯೆಸ್ಟರ್. ಬೆಳಕಿಗೆ ಹಿಡಿದರೆ ಸಂದು ಕಾಣಬಾರದು, ಉಗುರಿನಿಂದ ಕೆರೆದರೆ ಎಳೆ ಏಳಬಾರದು, ಎರಡೂ ಕೈಯಲ್ಲಿ ಓರೆಯಾಗಿ ಎಳೆದರೆ ನೇಯ್ಗೆ ಜರುಗಬಾರದು. ಅಂಗಡಿಯವರು ಉಜ್ಜಾಟದ ಪರೀಕ್ಷೆಯ ಸಂಖ್ಯೆ ಹೇಳಬಲ್ಲವರಾದರೆ ಮನೆಬಳಕೆಗೆ 25,000ಕ್ಕಿಂತ ಮೇಲಿನದನ್ನು ಕೇಳಿ. ಬಣ್ಣ ಕಂದುಮಿಶ್ರಿತ. ಅಡಿಕೆಯ ಚೊಗರು ತಾಗಿದ ಬಟ್ಟೆ ಹೇಗಾಗುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಗಳು ಕೇಳಿದ ಕೆನೆಬಣ್ಣವನ್ನು ಬೆನ್ನಿನ ಕುಶನ್ನಿಗೆ ಕೊಟ್ಟು ರಾಜಿಯಾದೆವು.

ಹೊಲಿಸುವಾಗ ಎರಡು ಮಾತು ಹೇಳಿದ್ದೆ. ಫೋಮಿನ ಮೇಲೆ ಮಂಜರಪಾಟಿನ ಒಳಚೀಲ, ಹೊರಹೊದಿಕೆಗೆ ಹಿಂಬದಿ ಜಿಪ್. ಹೀಗಿದ್ದರೆ ಫೋಮನ್ನು ಎಳೆದಾಡಿ ಹರಿಯದೆ ಹೊದಿಕೆ ಒಗೆಯಬಹುದು. ಫೋಮನ್ನು ಹೊದಿಕೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಲೂ ಹೇಳಿದೆ. ಆಗ ಬಟ್ಟೆ ಬಿಗಿಯಾಗಿ ಕೂತು ಸುಕ್ಕು ತಡವಾಗಿ ಬರುತ್ತದೆ. ಕತ್ತರಿಸಿದ ತುಂಡುಗಳನ್ನು ಹೊದಿಕೆ ಹಾಕುವ ಮೊದಲೇ ನನ್ನೆದುರು ತೂಗಬೇಕೆಂದಾಗ ರಿಪೇರಿಯವರು ನಕ್ಕರು, ಆದರೆ ತೂಗಿದರು. ಈಗ ತಿಂಗಳಿಗೊಮ್ಮೆ ದೊಡ್ಡ ಸೋಫಾದ ಉಳಿದೆರಡು ಕುಶನ್ನುಗಳನ್ನು ಅದಲುಬದಲು ಮಾಡಿ, ಮಗುಚಿ ಹಾಕುತ್ತೇನೆ. ಅಪ್ಪನದನ್ನು ಮಾತ್ರ ಅಡಿಮೇಲು ಮಾಡದೆ, ಹಿಂದುಮುಂದು ತಿರುಗಿಸುತ್ತೇನೆ.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ಸೋಫಾದ ಒಂದು ಮುಂಗಾಲನ್ನು ನಾಲ್ಕು ಬೆರಳು ಎತ್ತಿ ನೋಡಿ. ಪಕ್ಕದ ಮುಂಗಾಲೂ ಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ. ಅದು ನೆಲದಲ್ಲೇ ಉಳಿದು ಕೀಲು ಕಿರುಗುಟ್ಟಿದರೆ ಫೋಮಿನ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಮೊದಲು ಬಡಗಿಯನ್ನು ಕರೆಸಿ.