ಸೀರೆ ತಿರುವಿ ತೋರಿಸಿ

ಕುಂದಗೋಳ ಕಡೆಯ ಹುಡುಗಿಯೊಬ್ಬಳು ಮೂರು ತಿಂಗಳ ಕಸೂತಿ ಕೋರ್ಸ್ ಮುಗಿಸಿ, ಆರ್ಡರ್ ಕೇಳಲೆಂದು ಧಾರವಾಡದ ಒಂದು ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಪ್ಲಾಸ್ಟಿಕ್ ಫೈಲಿನಿಂದ ಸರ್ಟಿಫಿಕೇಟ್ ತೆಗೆದು ಮುಂದಿಟ್ಟಳು. ಮೊಮ್ಮಗಳ ಮದುವೆಗೆ ಇಳಕಲ್ ಸೀರೆ ಮಾಡಿಸಬೇಕಿದ್ದ ಅಜ್ಜಿ ಅದರತ್ತ ಒಮ್ಮೆ ನೋಡಿ, "ಅದು ಇರ್ಲಿ ಬಿಡವಾ, ನೀ ಹಾಕಿದ್ದೇನರ ತಂದೀಯೇನ?" ಎಂದರು. ಚೀಲದಲ್ಲಿ ಕರವಸ್ತ್ರದಷ್ಟು ಬಟ್ಟೆಯೊಂದಿತ್ತು. ಅಜ್ಜಿ ಮುಂದಿನ ಗೋಪುರವನ್ನು ಸರಿಯಾಗಿ ನೋಡಲೂ ಇಲ್ಲ. ಬಟ್ಟೆ ತಿರುವಿ, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಗಂಟು ಸಿಕ್ಕವು. ಸೀರೆ ಕಪಾಟಿನಿಂದ ಹೊರಗೇ ಬರಲಿಲ್ಲ.

ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯಿಂದ ಹುಬ್ಬಳ್ಳಿ-ಧಾರವಾಡದ ಗಿರಾಕಿಗಳಿಗಾಗಿ ಕಸೂತಿ ಹಾಕಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಸೂತಿಯ ಗಿರಾಕಿಗೆ ಓದುವುದಕ್ಕೆ ಹಿಂಬದಿ ಇದೆ, ಕಾಗದ ಬೇಕಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಸಾಗುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮೆಟ್ಟಿಲಿನಂತೆ ಏರಿಳಿಯುವ ಮುರಗಿಯೂ ಹಾಗೆಯೇ. ಹೋಗುವಾಗ ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೂ ಗೋಪುರದ ಎಡ-ಬಲ ಸರಿಹೊಂದುವುದಿಲ್ಲ. ಅದನ್ನು ಮುಚ್ಚಲು ಹಾಕಿದ ಅಡ್ಡ ಹೊಲಿಗೆ ಹಿಂಬದಿಯಲ್ಲಿ ಎದ್ದು ಕಾಣುತ್ತದೆ. ದಾರದ ತುದಿಗೆ ಗಂಟು ಹಾಕುವಂತಿಲ್ಲ. ಆಗಲೇ ಹಾಕಿದ ಹೊಲಿಗೆಗಳ ಅಡಿಯಲ್ಲಿ ಅದನ್ನು ತೂರಿಸಿ ಕತ್ತರಿಸಬೇಕು.

ಆದ್ದರಿಂದ ಮೊದಲ ಕೆಲಸ, ಒಂದು ಮಾದರಿ ಬಟ್ಟೆ. ಕೋರ್ಸಿನಲ್ಲಿ ಎಲ್ಲರೂ ಮ್ಯಾಟಿ ಬಟ್ಟೆಯ ಮೇಲೆ ಕಲಿಯುತ್ತಾರೆ, ಅದರ ಎಳೆಗಳು ದಪ್ಪ, ಎಣಿಸುವುದು ಸುಲಭ. ಸೀರೆಯ ಬಟ್ಟೆ ಹಾಗಲ್ಲ. ಒಂದೇ ಗೋಪುರವನ್ನು ಮ್ಯಾಟಿಯ ಮೇಲೊಮ್ಮೆ, ಸೀರೆಯ ಬಟ್ಟೆಯ ತುಂಡಿನ ಮೇಲೊಮ್ಮೆ ಹಾಕಿ ಅಕ್ಕಪಕ್ಕ ಇಟ್ಟರೆ, ನಿಮ್ಮ ಕೈ ತರಗತಿಯಾಚೆಗೂ ನಡೆಯುತ್ತದೆ ಎಂಬುದನ್ನು ಗಿರಾಕಿ ತಾನೇ ನೋಡುತ್ತಾಳೆ. ಎಳೆ ಕಾಣದ ಬಟ್ಟೆಗೆ ಮೇಲೆ ಜಾಳಿಗೆ ಬಟ್ಟೆ ಟಾಕಿ, ಅದನ್ನು ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅವಸರದಲ್ಲಿ ಎಳೆದರೆ ಹೊಲಿಗೆ ಸಡಿಲಾಗುತ್ತದೆ, ಎಳೆ ಉಳಿದರೆ ದಾರದಡಿಯಿಂದ ಮೀಸೆಯಂತೆ ಇಣುಕುತ್ತದೆ. ಜಾಳಿಗೆ ಪೂರ್ತಿ ತೆಗೆದ ತುಂಡನ್ನೇ ತೋರಿಸಿ. ನೇಗಿ ಮತ್ತು ಮೆಂತೆಯನ್ನೂ ಒಂದೊಂದು ಮೂಲೆಗೆ ಹಾಕಿಡಿ, ಆದರೆ ಅವುಗಳ ಹಿಂಬದಿ ಮುಂದಿನಂತೆ ಇರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದ ಗಿರಾಕಿ ಅದನ್ನು ನಿಮ್ಮ ತಪ್ಪೆಂದುಕೊಂಡಾಳು.

ಮಾದರಿ ಸಿದ್ಧವಾದ ಮೇಲೆ ಕತ್ತರಿಯಿಂದ ಎರಡು ಭಾಗ ಮಾಡಿ. ಜೀವ ಒಪ್ಪುವುದಿಲ್ಲ, ನನಗೆ ಗೊತ್ತು. ಒಂದು ಭಾಗವನ್ನು ಹತ್ತು ಸಲ ಮನೆಯಲ್ಲಿ ಒಗೆದು ಇನ್ನೊಂದರ ಪಕ್ಕದಲ್ಲಿ ಇಡಿ. ಕೆಂಪು ದಾರ ಬಿಳಿ ಬಟ್ಟೆಗೆ ಬಣ್ಣ ಬಿಟ್ಟಿದ್ದರೆ ಅದು ನಿಮ್ಮ ಮನೆಯ ಬಕೆಟ್ಟಿನಲ್ಲೇ ಗೊತ್ತಾಗಲಿ. ಗಿರಾಕಿಯ ಹದಿನೈದು ಸಾವಿರದ ಸೀರೆಯಲ್ಲಿ ಗೊತ್ತಾಗುವುದು ಬೇಡ. ಈ ಒಗೆದ ತುಂಡು ಮಾಡುವ ಕೆಲಸವನ್ನು ಯಾವ ಕೋರ್ಸಿನ ಕಾಗದವೂ ಮಾಡುವುದಿಲ್ಲ.

ಬೆಂಗಳೂರಿನ ಬೊಟೀಕಿಗೆ ಮೊಬೈಲಿನಲ್ಲಿ ಕಳಿಸುವುದಾದರೆ ಫೋಟೊ ಜೋಡಿಯಾಗಿ ಇರಲಿ: ಮುಂಬದಿ ಒಂದು, ಅದೇ ಚಿತ್ತಾರದ ಹಿಂಬದಿ ಒಂದು, ಪಕ್ಕದಲ್ಲಿ ಒಂದು ಸ್ಕೇಲ್. ಬೆಳಗಿನ ಬೆಳಕಿನಲ್ಲಿ ಕಟ್ಟೆಯ ಮೇಲಿಟ್ಟು ತೆಗೆಯಿರಿ, ಫಿಲ್ಟರ್ ಹಾಕಬೇಡಿ. ಹಿಂಬದಿ ಇನ್ನೊಂದು ಅನುಮಾನವನ್ನೂ ಕಳೆಯುತ್ತದೆ. ಕಂಪ್ಯೂಟರ್ ಎಂಬ್ರಾಯ್ಡರಿಯ ಹಿಂದೆ ಬಾಬಿನ್ ದಾರ ಬೇರೆಯಾಗಿ ಕಾಣುತ್ತದೆ, ಬಹಳ ಸಲ ಗಟ್ಟಿ ಕಾಗದದಂಥ ಅಸ್ತರವೂ ಅಂಟಿರುತ್ತದೆ. ಕೈ ಕೆಲಸದಲ್ಲಿ ಎರಡೂ ಇಲ್ಲ. ಬೇರೆಯವರ ಸೀರೆಯ ಚಿತ್ರವನ್ನು ಇಂಟರ್ನೆಟ್ಟಿನಿಂದ ಎತ್ತಿ ಕಳಿಸುವವರು ಹಿಂಬದಿ ಕೇಳಿದ ಕೂಡಲೇ ಸಿಕ್ಕಿಬೀಳುತ್ತಾರೆ.

ನಂತರ ಒಂದು ನೋಟ್‌ಬುಕ್. ಕೆಲಸ ಚಲೋ ಇದೆ ಎಂದು ಒಪ್ಪಿದ ಗಿರಾಕಿ ಮರುಮಾತಿಗೆ "ಎಷ್ಟ ದಿನಾ ಹಿಡಿತೈತಿ?" ಎನ್ನುತ್ತಾಳೆ. ಇಲ್ಲಿ ಊಹೆಯಿಂದ ಉತ್ತರ ಕೊಟ್ಟವರೇ ಮುಂದೆ ಬೈಸಿಕೊಳ್ಳುವುದು. ಒಂದು ಸಣ್ಣ ಗೋಪುರಕ್ಕೆ ನಿಮಗೆ ಒಂದೂವರೆ ತಾಸು ಬೇಕು ಎಂದು ಗಡಿಯಾರ ನೋಡಿ ಬರೆದಿಟ್ಟಿದ್ದೀರಿ ಅನ್ನಿ. ಸೆರಗಿಗೆ 30 ಗೋಪುರ ಬೇಕೆಂದರೆ 45 ತಾಸು. ಅಡಿಗೆ, ದನ, ಮಕ್ಕಳ ನಡುವೆ ದಿನಕ್ಕೆ ಮೂರೇ ತಾಸು ಸಿಕ್ಕರೆ 15 ದಿನ. ನಡುವೆ ಹಬ್ಬವೋ ಜ್ವರವೋ ಬರುತ್ತದೆ. 20 ದಿನ ಎಂದು ಹೇಳಿ. ಆಗಸ್ಟಿನಲ್ಲಿ ಹೆಸರು ಬಿಡಿಸುವ ಹೊತ್ತಾದರೆ ಒಂದು ತಿಂಗಳೇ ಹೇಳಿ. ದರವೂ ಇದೇ ಲೆಕ್ಕದಿಂದ ಬರುತ್ತದೆ. ತಾಸಿಗೆ 50 ರೂಪಾಯಿ ಹಿಡಿದರೆ ಮಜೂರಿ 2,250, ದಾರದ ಖರ್ಚು ಬೇರೆ. ಅದನ್ನು ಕೇಳಿ ಗಿರಾಕಿ ಹುಬ್ಬೇರಿಸಿದರೆ ನೋಟ್‌ಬುಕ್ ತೆರೆದು ತಾಸುಗಳನ್ನು ತೋರಿಸಿ, ಬೇಕಿದ್ದರೆ ಗೋಪುರಗಳನ್ನು ಇಪ್ಪತ್ತಕ್ಕೆ ಇಳಿಸಿ. ತಾಸಿನ ದರ ಮಾತ್ರ ಇಳಿಸಬೇಡಿ.

ಹಾಗಾದರೆ ಸರ್ಟಿಫಿಕೇಟ್ ಹರಿದು ಹಾಕಬೇಕೆ? ಬೇಡ. ಅದರ ಗಿರಾಕಿ ಕಚೇರಿಯಲ್ಲಿ ಕೂತಿರುತ್ತಾನೆ. ಸಾಲ ಕೇಳಲು ಹೋದಾಗ ಬ್ಯಾಂಕಿನ ಮ್ಯಾನೇಜರ್ ಹಿಂಬದಿ ನೋಡಿ ಏನನ್ನೂ ತಿಳಿಯಲಾರ, ಅವನಿಗೆ ತರಬೇತಿಯ ಕಾಗದ ಬೇಕು. ಕಸೂತಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅದೇ ಬೇಕು. ಕೇಂದ್ರದ ಕರಕುಶಲ ಇಲಾಖೆ ಕೊಡುವ ಪೆಹಚಾನ್ ಗುರುತಿನ ಚೀಟಿ ಕರಕುಶಲ ಮೇಳಗಳಲ್ಲಿ ಮಳಿಗೆ ಕೇಳುವಾಗ ನೆರವಿಗೆ ಬರುತ್ತದೆ. ಆದರೆ ಪ್ರತಿ ಕಾಗದಕ್ಕೂ ಒಂದು ಎಲ್ಲೆಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಕಸೂತಿಯ ಹೆಸರಿಲ್ಲ. ಬ್ಲೌಸ್ ಹೊಲಿಯುವುದೂ ನಿಮ್ಮ ಕಸುಬಾಗಿದ್ದರೆ ಮಾತ್ರ ಆ ಬಾಗಿಲು ತಟ್ಟಿ. ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದ್ದು ಕಲೆಗೆ. ಅದನ್ನು ತೋರಿಸಿ ನಿಮ್ಮ ಕೈಗೆ ಅಂಕ ಕೇಳುವಂತಿಲ್ಲ.

ಗಿರಾಕಿಯ ಬಳಿ ಗುರುತಿನ ಚೀಟಿಗೆ ಇನ್ನೊಂದು ಸಣ್ಣ ಉಪಯೋಗವಿದೆ. ಅವಳ ಭಯ ಹೊಲಿಗೆಯದ್ದಷ್ಟೇ ಅಲ್ಲ, ಸೀರೆ ಒಯ್ದವಳು ಮರಳಿ ಬರುತ್ತಾಳೋ ಇಲ್ಲವೋ ಎಂಬುದೂ ಹೌದು. ಚೀಟಿಯ ಪ್ರತಿಯನ್ನು ಕೊಟ್ಟು, ಸೀರೆ ಪಡೆದ ತಾರೀಖು ಬರೆದು ಸಹಿ ಮಾಡಿ. ಹಿಂದೆ ಮಾಡಿಕೊಟ್ಟ ಒಬ್ಬರಿಬ್ಬರ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಜೊತೆಗಿಡಿ.

ಅಷ್ಟಾದರೂ ಹೊಸಬರಿಗೆ ಮೊದಲ ದಿನವೇ ಮದುವೆಯ ಸೀರೆ ಸಿಗುವುದಿಲ್ಲ. ಸಣ್ಣದನ್ನು ಕೇಳಿ. ಆ ಕುಂದಗೋಳದ ಹುಡುಗಿ ಎರಡು ತಿಂಗಳ ಮೇಲೆ ಅದೇ ಮನೆಗೆ ಹೋದಳು. ಈ ಸಲ ಫೈಲ್ ತೆಗೆಯಲಿಲ್ಲ, ಒಗೆದ ತುಂಡು, ಒಗೆಯದ ತುಂಡು ಎರಡನ್ನೂ ಹಿಂಬದಿ ಮೇಲಾಗಿ ಹಾಸಿದಳು. ಅಜ್ಜಿ ಹೆಬ್ಬೆರಳು ಆಡಿಸಿದರು, ಗಂಟು ಸಿಗಲಿಲ್ಲ. ಒಳಗೆ ಹೋಗಿ ಒಂದು ಕುಪ್ಪಸದ ಖಣ ತಂದು, "ತೋಳಿಗಷ್ಟ ಹಾಕ್ಕೊಂಡು ಬಾ, ಸೀರಿ ಮಾತು ಆಮ್ಯಾಲೆ" ಎಂದರು.